ಹಮಾಲಿ ಖರ್ಚು ಎಡಕ್ಕೆ ಯಾಕೆ ಸರಿಯಿತು?

ಸೆಪ್ಟೆಂಬರ್ ಬಂತೆಂದರೆ ಕಲಬುರಗಿ ಕಡೆಯ ಸಹಕಾರ ಸಂಘಗಳಲ್ಲಿ ವಾರ್ಷಿಕ ಸಭೆಗಳ ಭರಾಟೆ. ಸದಸ್ಯರ ಕೈಗೆ ವರದಿ ಪುಸ್ತಕ ಬರುತ್ತದೆ. ಅದರಲ್ಲಿ ಮೊದಲು ನೋಡಬೇಕಾದದ್ದು ಜಮಾ-ಖರ್ಚಿನ ಪಟ್ಟಿ. ಆದರೆ ಎಷ್ಟೋ ವರದಿಗಳಲ್ಲಿ ಚೆಂದ ಕಾಣಲಿ ಅಂತ ಅಂಕಿಗಳನ್ನು ಕಾಲಂನ ಮಧ್ಯಕ್ಕೆ ಇಟ್ಟಿರುತ್ತಾರೆ. ಹಾಗೆ ಇಟ್ಟರೆ ಏನು ಕಳೆದುಹೋಗುತ್ತದೆ ಅನ್ನುವುದನ್ನು ಒಂದು ಲೆಕ್ಕ ಹಿಡಿದು ನೋಡೋಣ.

ಒಂದು ತೊಗರಿ ಬೆಳೆಗಾರರ ಸಂಘ ಅಂದುಕೊಳ್ಳಿ. ಮಾರಾಟದ ಖರ್ಚಿನಲ್ಲಿ ಮೂರು ಬಾಬ್ತು: ಗೋದಾಮಿನ ಬಾಡಿಗೆ, ಹಮಾಲಿ, ಖಾಲಿ ಚೀಲ.

```
1,80,000
  94,500
  71,150
```

ಬಲಕ್ಕೆ ಜೋಡಿಸಿದಾಗ ಬಿಡಿಯ ಕೆಳಗೆ ಬಿಡಿ, ನೂರರ ಕೆಳಗೆ ನೂರು ಬಂದು ಕೂರುತ್ತದೆ. ಇದು ಶಾಲೆಯಲ್ಲೇ ಕಲಿತದ್ದು. ಆದರೆ ಎಡಗಡೆಯ ಅಂಚನ್ನೂ ಸ್ವಲ್ಪ ನೋಡಿ. ಬಾಡಿಗೆ ಮಾತ್ರ ಆಚೆ ಚಾಚಿಕೊಂಡಿದೆ. ಅದು ಲಕ್ಷದ್ದು, ಉಳಿದವು ಸಾವಿರದವು ಅಂತ ಅಂಕಿ ಓದುವ ಮೊದಲೇ ಕಣ್ಣಿಗೆ ತಿಳಿಯುತ್ತದೆ. ಒಂದು ಸೊನ್ನೆ ಜಾಸ್ತಿ ಬಿದ್ದಿದ್ದರೆ ಅದೂ ಹೀಗೆಯೇ ಚಾಚಿಕೊಂಡು ಸಿಕ್ಕಿಬೀಳುತ್ತದೆ. ಮಧ್ಯಕ್ಕೆ ಇಟ್ಟರೆ ಉದ್ದದ ವ್ಯತ್ಯಾಸ ಎರಡೂ ಕಡೆ ಅರ್ಧರ್ಧ ಹಂಚಿಹೋಗುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಎಲ್ಲ ಅಂಕಿಗಳ ಅಗಲ ಒಂದೇ ಇರಬೇಕು. ಕೆಲವು ಫಾಂಟ್‌ಗಳಲ್ಲಿ 1 ತೆಳ್ಳಗೆ, 8 ಅಗಲ. ಪರೀಕ್ಷೆ ಸುಲಭ: 1,11,111 ಬರೆದು, ಕೆಳಗೆ 8,88,888 ಬರೆದು, ಎರಡನ್ನೂ ಬಲಕ್ಕೆ ಜೋಡಿಸಿ. ಎಡ ಅಂಚು ಸಮ ಬರದಿದ್ದರೆ ಪಟ್ಟಿಗೆ ಆ ಫಾಂಟ್ ಬೇಡ.

ಈಗ ನಿಜವಾದ ಅಪಾಯಕ್ಕೆ ಬರೋಣ. ಎಕ್ಸೆಲ್‌ನಲ್ಲಿ ನಾವು ಏನೂ ಹೇಳದಿದ್ದರೆ ಸಂಖ್ಯೆ ತಾನಾಗಿಯೇ ಬಲಕ್ಕೆ ಹೋಗುತ್ತದೆ, ಅಕ್ಷರ ಎಡಕ್ಕೆ ಹೋಗುತ್ತದೆ. ಗುಮಾಸ್ತರು ರಸೀದಿ ಬರೆಯುವ ರೂಢಿಯಲ್ಲಿ ಹಮಾಲಿಯನ್ನು `94,500/-` ಅಂತ ಟೈಪ್ ಮಾಡಿದರು ಅನ್ನಿ. ಆ ಗೆರೆ ಸೇರಿದ್ದೇ ತಡ, ಎಕ್ಸೆಲ್‌ಗೆ ಅದು ಸಂಖ್ಯೆಯಲ್ಲ, ಬರೀ ಅಕ್ಷರ. `SUM` ಅದನ್ನು ಬಿಟ್ಟು ಕೂಡುತ್ತದೆ. ಮೊತ್ತ 3,45,650 ಬರಬೇಕಾದಲ್ಲಿ 2,51,150 ಬರುತ್ತದೆ. ಯಾವ ಎಚ್ಚರಿಕೆಯೂ ಇಲ್ಲ. ಸಿಗುವ ಸುಳಿವು ಒಂದೇ, ಹಮಾಲಿ ಎಡಕ್ಕೆ ಸರಿದು ನಿಂತಿರುತ್ತದೆ. ಇಡೀ ಕಾಲಂ ಮಧ್ಯಕ್ಕೆ ತಂದಾಗ ಅದೂ ಅಳಿಸಿಹೋಗುತ್ತದೆ. ಅದಕ್ಕೇ ಟೈಪ್ ಮಾಡುವಾಗ ಜೋಡಣೆಯ ಗುಂಡಿ ಮುಟ್ಟಲೇಬಾರದು. ಮೊತ್ತ ತಾಳೆಯಾದ ಮೇಲಷ್ಟೇ ಅಲಂಕಾರ.

ಉಪಮೊತ್ತದಲ್ಲಿ ಇನ್ನೊಂದು ತಪ್ಪು ಅಡಗಿರುತ್ತದೆ. ಮೇಲಿನ 3,45,650ರ ಕೆಳಗೆ ಸಿಬ್ಬಂದಿ ಸಂಬಳ 6,48,000 ಇದೆ. ಒಟ್ಟು ಖರ್ಚು 9,93,650. ಆದರೆ ಮೇಲಿಂದ ಕೆಳಗಿನವರೆಗೆ ಸುಮ್ನೆ `SUM` ಎಳೆದರೆ ಉಪಮೊತ್ತವೂ ಸೇರಿಕೊಂಡು 13,39,300 ಆಗುತ್ತದೆ. ಮೊತ್ತ ತಾಳೆಯಾಗದಿದ್ದಾಗ ವ್ಯತ್ಯಾಸ ತೆಗೆದು ನೋಡಿ. ಅದು ಯಾವುದಾದರೂ ಉಪಮೊತ್ತಕ್ಕೆ ಸರಿಸಮ ಬಂದರೆ ಕಳ್ಳ ಸಿಕ್ಕಂತೆಯೇ. ಈ ತೊಂದರೆಯೇ ಬೇಡ ಅಂದರೆ ಉಪಮೊತ್ತಕ್ಕೂ ಒಟ್ಟಿಗೂ `SUM` ಬದಲು ಬೇರೆ ಸೂತ್ರ ಹಾಕಬೇಕು. ಮೂರು ಬಾಬ್ತು B2ರಿಂದ B4ರವರೆಗೆ, ಸಂಬಳ B6ರಲ್ಲಿ ಇದ್ದರೆ ಹೀಗೆ:

```
B5: =SUBTOTAL(9,B2:B4)
B7: =SUBTOTAL(9,B2:B6)
```

ಈ ಸೂತ್ರ ತನ್ನಂಥದ್ದೇ ಇನ್ನೊಂದು ಸೂತ್ರದ ಫಲವನ್ನು ಬಿಟ್ಟು ಕೂಡುತ್ತದೆ.

ಓದುವವರಿಗೂ ಇದು ಗೊತ್ತಾಗಬೇಕಲ್ವಾ? ಅದಕ್ಕೇ ಉಪಮೊತ್ತದ ಮೇಲೆ ಒಂದು ತೆಳು ಗೆರೆ, ಕೊನೆಯ ಮೊತ್ತದ ಕೆಳಗೆ ಜೋಡಿ ಗೆರೆ. ಇದು ಲೆಕ್ಕದವರ ಹಳೆಯ ಪದ್ಧತಿ. "ಇಲ್ಲಿಯವರೆಗಿನದ್ದು ಕೂಡಿದೆ", "ಲೆಕ್ಕ ಇಲ್ಲಿಗೆ ಮುಗಿಯಿತು" ಅಂತ ಗೆರೆಗಳೇ ಹೇಳುತ್ತವೆ. ಪ್ರತಿ ಅಂಕಿಗೂ ದಪ್ಪ ಚೌಕಟ್ಟು ಹಾಕಿದರೆ ಯಾವ ಗೆರೆಗೂ ಅರ್ಥ ಉಳಿಯುವುದಿಲ್ಲ. ಮೇಲಿಂದ ಕೆಳಗೆ ಎಳೆದ ನಿಂತ ಗೆರೆಗಳಂತೂ ಬೇಡವೇ ಬೇಡ. ಝೆರಾಕ್ಸ್ ಪ್ರತಿಯಲ್ಲಿ ಅಂಕಿಗೆ ಅಂಟಿದ ನಿಂತ ಗೆರೆ 1ರ ಹಾಗೆ ಕಾಣುತ್ತದೆ, 94,500 ನೋಡನೋಡುತ್ತ ಲಕ್ಷ ದಾಟುತ್ತದೆ.

ಇನ್ನು ಅಡಿಟಿಪ್ಪಣಿ. ಹಮಾಲಿಯಲ್ಲಿ ಹಿಂದಿನ ವರ್ಷದ ಬಾಕಿ 18,000 ಸೇರಿದೆ ಅನ್ನಿ. ಅಂದರೆ ಈ ವರ್ಷದ ನಿಜವಾದ ಹಮಾಲಿ 76,500. ಸಭೆಯಲ್ಲಿ ಏಳುವ ಪ್ರಶ್ನೆಗೆ ಉತ್ತರ ಇರುವುದು ಈ ಒಂದು ಸಾಲಿನಲ್ಲಿ. ಅದರ ಗುರುತನ್ನು ಅಂಕಿಯ ಪಕ್ಕ ಸಣ್ಣ 1 ಅಂತ ಹಾಕಿದರೆ ಅದೂ ಅಂಕಿಯೊಳಗೆ ಸೇರಿಕೊಳ್ಳುತ್ತದೆ, ಬಲದ ಅಂಚೂ ಕೆಡುತ್ತದೆ. "ಹಮಾಲಿ (ಅ)" ಅಂತ ಹೆಸರಿನ ಪಕ್ಕ ಹಾಕಿ, ವಿವರವನ್ನು ಅದೇ ಪುಟದ ಕೆಳಗೆ ಕೊಡಿ.

ಅಕ್ಷರದ ಗಾತ್ರದಲ್ಲಿ ಇಂಗ್ಲಿಷ್ ವರದಿಯ ಅಳತೆ ನಮಗೆ ಆಗಿಬರುವುದಿಲ್ಲ. ಇಂಗ್ಲಿಷ್ ಅಕ್ಷರ 7 ಪಾಯಿಂಟ್‌ನಲ್ಲೂ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು. ಅಷ್ಟು ಸಣ್ಣದಾದರೆ "ಬಡ್ಡಿ"ಯ ಒತ್ತು ಮಸಿಯ ಚುಕ್ಕೆ ಆಗುತ್ತದೆ, ಸಾಲುಗಳು ಇಕ್ಕಟ್ಟಾದರೆ ಕೆಳಗಿನ ಸಾಲಿನ ಗುಣಿತಕ್ಕೆ ತಗಲುತ್ತದೆ. ನನ್ನ ಪ್ರಕಾರ 9 ಪಾಯಿಂಟ್ ಅಕ್ಷರಕ್ಕೆ 13 ಪಾಯಿಂಟ್ ಸಾಲಿನ ಅಂತರ ಬೇಕು. ಅಚ್ಚಿಗೆ ಕೊಡುವ ಮೊದಲು ಆ ಪುಟದ ಒಂದು ಝೆರಾಕ್ಸ್ ತೆಗೆಸಿ, ಒತ್ತುಗಳನ್ನು ಓದಿ ನೋಡಿ. ಕೂಡಿಕೊಂಡಿದ್ದರೆ ಮೊದಲು ಸಾಲುಗಳ ಅಂತರ ಹೆಚ್ಚಿಸಿ, ಆಮೇಲೆ ಅಕ್ಷರ ದೊಡ್ಡದು ಮಾಡಿ.