ಹೆಸರು ಹಾಕಿಲ್ಲವಲ್ಲ ಸರ್!

ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಗುರುತು ವರದಿಯಲ್ಲಿ ಬಯಲಾದಾಗ ಸುದ್ದಿಮನೆಯಲ್ಲಿ ನಾನು ಅತಿ ಹೆಚ್ಚು ಕೇಳುವ ಸಮರ್ಥನೆ ಇದು. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಬರೀ ಹೆಸರಿನ ಮಾತಾಡುವುದಿಲ್ಲ. ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವ ಬೇರೆ ಯಾವ ವಿವರವೂ ಬರಬಾರದು ಎನ್ನುತ್ತದೆ. ನಮ್ಮವರು ಹೆಸರಿಗೆ ನಿಲ್ಲಿಸಿಬಿಡುತ್ತಾರೆ.

ಒಮ್ಮೆ ಕರಾವಳಿಯಿಂದ ಬಂದ ಕಾಪಿ ಹೀಗಿತ್ತು (ಗುರುತು ಸಿಗದಂತೆ ಎಲ್ಲ ಬದಲಿಸಿದ್ದೇನೆ): ಇಂಥ ಊರಿನ 9ನೇ ತರಗತಿ ವಿದ್ಯಾರ್ಥಿನಿ. ತಂದೆ ಬೋಟ್ ಕೆಲಸಕ್ಕೆ ಗೋವಾದಲ್ಲಿ. ಆರೋಪಿ ಚಿಕ್ಕಪ್ಪ. ಜೊತೆಗೆ ಮನೆಯ ಮಸುಕು ಮಾಡಿದ ಫೋಟೊ. ಚಹಾ ತಂದ ಹುಡುಗ ಅದೇ ಬದಿಯವನು. ಪುಟದ ಮೇಲೆ ಕಣ್ಣಾಡಿಸಿ, 'ಅಯ್ಯೋ, ಇವರ ಮನೆಯದ್ದಾ!' ಅಂದ. ಅರ್ಧ ನಿಮಿಷವೂ ಆಗಿರಲಿಲ್ಲ. ಆ ಊರಿಗಿರುವುದು ಒಂದೇ ಹೈಸ್ಕೂಲು. ಗೋವಾಕ್ಕೆ ಹೋದ ಅಪ್ಪಂದಿರು ಎಷ್ಟು ಜನ ಇದ್ದಾರು? ಮನೆ ಮಸುಕಾದರೂ ಎದುರಿನ ಬಾವಿಕಟ್ಟೆ ನಿಚ್ಚಳವಾಗಿತ್ತು.

ಊರು, ತರಗತಿ, ಅಪ್ಪನ ಕೆಲಸ, ಫೋಟೊ ತೆಗೆದೆ. ಉಳಿದದ್ದು ಚಿಕ್ಕಪ್ಪ. ನಾವು 'ಚಿಕ್ಕಪ್ಪ' ಎಂದು ಬರೆದು, ಇನ್ನೊಂದು ಪತ್ರಿಕೆ ಆರೋಪಿಯ ಹೆಸರು ಹಾಕಿತು ಅಂದುಕೊಳ್ಳಿ. ಎರಡನ್ನೂ ಓದಿದವನಿಗೆ ಹುಡುಗಿ ಯಾರೆಂದು ಗೊತ್ತಾಯಿತು. ತಪ್ಪು ಯಾರದ್ದು? ಒಬ್ಬರದ್ದೂ ಅಲ್ಲ, ಇಬ್ಬರದ್ದೂ ಹೌದು. ಒಂದೇ ಮನೆಯವರಾದರೆ ಹೆಸರು, ಸಂಬಂಧ ಎರಡನ್ನೂ ನಾನು ಬಿಡುತ್ತೇನೆ. ಕೊನೆಗೆ ಅಚ್ಚಾದದ್ದು ಇಷ್ಟೇ: 'ಉತ್ತರ ಕನ್ನಡದ ಕರಾವಳಿ ಗ್ರಾಮವೊಂದರಲ್ಲಿ ಬಾಲಕಿಯ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಆರೋಪದಡಿ ವ್ಯಕ್ತಿಯೊಬ್ಬನನ್ನು ಪೊಲೀಸರು ಬಂಧಿಸಿದ್ದಾರೆ.'

ವರದಿಗಾರ ಮುನಿಸಿಕೊಂಡ. 'ತಾಯಿಯೇ ಹಾಕಿ ಅಂದಿದ್ದಾರೆ ಸರ್, ಎಫ್‌ಐಆರ್‌ನಲ್ಲೂ ಇದೆ' ಎಂದ. ಎಫ್‌ಐಆರ್ ಕೈಗೆ ಸಿಕ್ಕಿದ್ದು ಅಚ್ಚು ಹಾಕಲು ಅನುಮತಿಯಲ್ಲ. ಮಗುವಿನ ವಿಷಯದಲ್ಲಿ ತಾಯಿಯ ಒಪ್ಪಿಗೆಯೂ ಸಾಲದು. ವಿಶೇಷ ನ್ಯಾಯಾಲಯ ಕಾರಣ ಬರೆದಿಟ್ಟು ಅನುಮತಿ ಕೊಡಬೇಕು. ಅದೂ ಮಗುವಿನ ಹಿತಕ್ಕಾಗಿ ಮಾತ್ರ. ಸಂತ್ರಸ್ತೆ ಸತ್ತಿದ್ದರೂ ಮನೆಯವರ ಮಾತಿನ ಮೇಲೆ ಹೆಸರು ಹಾಕುವಂತಿಲ್ಲ ಎಂದು 2018ರಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಯಸ್ಕ ಸಂತ್ರಸ್ತೆ ತಾನೇ ಬರೆದುಕೊಟ್ಟರೆ ಮಾತು ಬೇರೆ. ಆಗಲೂ ನಾನು ವಕೀಲರನ್ನು ಕೇಳದೆ ಹಾಕುವುದಿಲ್ಲ.

ಆರೋಪಿಯೇ 18 ತುಂಬದವನಾದರೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅವನಿಗೂ ಇದೇ ರಕ್ಷಣೆ ಕೊಡುತ್ತದೆ. ಮೀರಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 'ಜಿಲ್ಲಾ ಮಟ್ಟದ ಕಬಡ್ಡಿ ಆಟಗಾರ' ಎಂದು ಬರೆದರೆ ಶಿರಸಿಯಲ್ಲಿ ಯಾರಿಗೆ ಗೊತ್ತಾಗುವುದಿಲ್ಲ ಹೇಳಿ.

ಅಂದು ರಾತ್ರಿ ಪುಟ ಕಳಿಸಿ ಮನೆಗೆ ಹೋದವನು ಮತ್ತೆ ಫೋನ್ ಮಾಡಬೇಕಾಯಿತು. ವೆಬ್‌ಸೈಟ್‌ಗೆ ಹಾಕಿದ ಸಾಂಕೇತಿಕ ಚಿತ್ರದ ಫೈಲ್‌ಗೆ ವರದಿಗಾರ ಆ ಊರಿನ ಹೆಸರನ್ನೇ ಕೊಟ್ಟಿದ್ದ.