ವೆಂಟಿಲೇಟರ್, ಆಹಾರದ ನಳಿಕೆ, ಉಪವಾಸ: ಜೀವನಾಂತ್ಯದ ಆರೈಕೆ ಮತ್ತು ದಯಾಮರಣದ ಬಗ್ಗೆ ಧರ್ಮಗಳ ನಿಲುವು

ಜೈವಿಕ ನೀತಿಶಾಸ್ತ್ರ ಮತ್ತು ಧರ್ಮ ಎಂಬ ಮಾಡ್ಯೂಲ್‌ನಲ್ಲಿ ಈ ಪಾಠಕ್ಕೆ ಬಂದಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಯಾವ ಧರ್ಮ ದಯಾಮರಣವನ್ನು ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂಬುದು. ಈ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಚುಚ್ಚುಮದ್ದು ಕೊಟ್ಟು ರೋಗಿಯನ್ನು ಕೊಲ್ಲಬಹುದೇ ಎಂದು ಕೇಳಿದರೆ ಬಹುತೇಕ ಎಲ್ಲ ಸಂಪ್ರದಾಯಗಳ ಮುಖ್ಯಧಾರೆಯೂ ಬೇಡವೆಂದೇ ಹೇಳುತ್ತದೆ. ಆ ಉತ್ತರಗಳನ್ನು ಕೋಷ್ಟಕದಲ್ಲಿ ತುಂಬಿಸಿದರೆ ಎಲ್ಲ ಸಾಲುಗಳೂ ಒಂದೇ ರೀತಿ ಕಾಣುತ್ತವೆ. ನಿಜವಾದ ವ್ಯತ್ಯಾಸ ಇರುವುದು ಅದಕ್ಕೂ ಮೊದಲಿನ ಹಂತಗಳಲ್ಲಿ: ಯಾವ ಚಿಕಿತ್ಸೆಯನ್ನು ಆರಂಭಿಸದೇ ಇರಬಹುದು, ಯಾವುದನ್ನು ಆರಂಭಿಸಿದ ಮೇಲೆ ನಿಲ್ಲಿಸಬಹುದು, ಯಾವುದು ಚಿಕಿತ್ಸೆಯೇ ಅಲ್ಲದೆ ಮನುಷ್ಯನಿಗೆ ಸಲ್ಲಲೇಬೇಕಾದ ಆರೈಕೆ ಎಂಬಲ್ಲಿ. ಆದ್ದರಿಂದ ಒಂದು ಕಲ್ಪಿತ ಪ್ರಕರಣವನ್ನು ಹಿಡಿದುಕೊಂಡು ಹಂತಹಂತವಾಗಿ ನೋಡುವುದು ಮೇಲು.

ಅರವತ್ತೆಂಟು ವರ್ಷದ ನಿವೃತ್ತ ಶಿಕ್ಷಕರೊಬ್ಬರಿಗೆ ಮಿದುಳಿನಲ್ಲಿ ಭಾರಿ ರಕ್ತಸ್ರಾವವಾಗಿದೆ ಎಂದುಕೊಳ್ಳೋಣ. ಮೂರು ವಾರಗಳಿಂದ ಅವರು ವೆಂಟಿಲೇಟರ್ ಮೇಲಿದ್ದಾರೆ. ಕಣ್ಣಿನ ಪಾಪೆ ಬೆಳಕಿಗೆ ಸ್ವಲ್ಪ ಸ್ಪಂದಿಸುತ್ತದೆ, ಕೆಮ್ಮಿನ ಪ್ರತಿವರ್ತನೆ ಇದೆ. ಅಂದರೆ ಮಿದುಳು ಸಾವು ಸಂಭವಿಸಿಲ್ಲ. ಪ್ರಜ್ಞೆ ಮರಳುವ ಭರವಸೆಯನ್ನು ನರರೋಗ ತಜ್ಞರು ಕೊಡುತ್ತಿಲ್ಲ. ಮೂಗಿನ ನಳಿಕೆಯ ಮೂಲಕ ದ್ರವಾಹಾರ ಹೋಗುತ್ತಿದೆ, ಮೂತ್ರಪಿಂಡಗಳು ಕೈಕೊಡುತ್ತಿವೆ. ಕುಟುಂಬದ ಮುಂದೆ ಈಗ ಐದು ಪ್ರಶ್ನೆಗಳಿವೆ: ಡಯಾಲಿಸಿಸ್ ಆರಂಭಿಸಬೇಕೇ, ವೆಂಟಿಲೇಟರ್ ತೆಗೆಯಬಹುದೇ, ಆಹಾರದ ನಳಿಕೆ ತೆಗೆಯಬಹುದೇ, ಉಸಿರಿನ ಸಂಕಟ ಕಂಡರೆ ಮಾರ್ಫಿನ್ ಕೊಡಬಹುದೇ, ಮತ್ತು ಕೊನೆಯದಾಗಿ, ಎಲ್ಲವನ್ನೂ ಒಂದು ಚುಚ್ಚುಮದ್ದಿನಿಂದ ಮುಗಿಸಬಹುದೇ.

ಡಯಾಲಿಸಿಸ್ ವಿಷಯದಲ್ಲಿ ಹೆಚ್ಚು ತಕರಾರಿಲ್ಲ. 1957ರ ನವೆಂಬರ್‌ನಲ್ಲಿ ಪೋಪ್ ಹನ್ನೆರಡನೇ ಪಯಸ್ ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತನಾಡುತ್ತಾ, ಜೀವ ಉಳಿಸಲು ಸಾಮಾನ್ಯ ವಿಧಾನಗಳನ್ನು ಬಳಸುವುದು ಕರ್ತವ್ಯ, ಅಸಾಮಾನ್ಯ ವಿಧಾನಗಳು ಕಡ್ಡಾಯವಲ್ಲ ಎಂದಿದ್ದರು. ಸಾಮಾನ್ಯ, ಅಸಾಮಾನ್ಯ ಎಂಬುದು ಯಂತ್ರಕ್ಕೆ ಅಂಟಿದ ಗುಣವಲ್ಲ ಎಂಬುದನ್ನು ಗಮನಿಸಬೇಕು; ಈ ರೋಗಿಗೆ, ಈ ಸ್ಥಿತಿಯಲ್ಲಿ, ಸಿಗುವ ಪ್ರಯೋಜನಕ್ಕೆ ಹೋಲಿಸಿದರೆ ಹೊರೆ ಎಷ್ಟು ಎಂಬುದೇ ಅಲ್ಲಿನ ಅಳತೆ. ಇಸ್ಲಾಮಿನಲ್ಲಿ ದಾರಿ ಬೇರೆ, ತಲುಪುವ ತಾಣ ಹತ್ತಿರದ್ದು. ಮೂರ್ಛೆರೋಗದಿಂದ ಬಳಲುತ್ತಿದ್ದ ಮಹಿಳೆಯೊಬ್ಬರು ಪ್ರವಾದಿಯವರ ಬಳಿ ಬಂದಾಗ, ಸಹಿಸಿಕೊಂಡರೆ ಸ್ವರ್ಗವಿದೆ, ಬೇಕಾದರೆ ಗುಣವಾಗಲೆಂದು ಪ್ರಾರ್ಥಿಸುತ್ತೇನೆ ಎಂದು ಅವರು ಆಯ್ಕೆಯನ್ನು ಆಕೆಗೇ ಬಿಟ್ಟರೆಂಬ ಹದೀಸ್ ಇದೆ. ಚಿಕಿತ್ಸೆ ಪ್ರತಿ ಸಂದರ್ಭದಲ್ಲೂ ಕಡ್ಡಾಯವಲ್ಲ ಎನ್ನುವ ಧರ್ಮಶಾಸ್ತ್ರಜ್ಞರು ಇದನ್ನು ಆಧಾರವಾಗಿ ಕೊಡುತ್ತಾರೆ.

ವೆಂಟಿಲೇಟರ್ ತೆಗೆಯುವ ಪ್ರಶ್ನೆಯಲ್ಲಿ ದಾರಿಗಳು ಕವಲೊಡೆಯುತ್ತವೆ. ಇಲ್ಲಿ ಯೆಹೂದಿ ವಿಚಾರಕ್ರಮವನ್ನು ಸಾವಧಾನವಾಗಿ ಓದಬೇಕು, ಏಕೆಂದರೆ ಕೊಲ್ಲುವುದಕ್ಕೂ ಸಾಯಲು ಬಿಡುವುದಕ್ಕೂ ನಡುವಿನ ಗೆರೆಯನ್ನು ಇಷ್ಟು ಹತ್ತಿರದಿಂದ ಪರೀಕ್ಷಿಸಿದ ಇನ್ನೊಂದು ಪರಂಪರೆಯನ್ನು ನಾನು ಕಂಡಿಲ್ಲ. ಹದಿನಾರನೇ ಶತಮಾನದ ಧರ್ಮಸಂಹಿತೆಯಾದ ಶುಲ್ಹಾನ್ ಆರೂಖ್ ಪ್ರಕಾರ ಸಾವಿನ ಅಂಚಿನಲ್ಲಿರುವವನ ತಲೆಯ ಕೆಳಗಿನ ದಿಂಬನ್ನೂ ಎಳೆಯಬಾರದು. ಆ ಅಲುಗಾಟವೇ ಸಾವನ್ನು ತ್ವರೆಗೊಳಿಸಬಹುದು. ಆದರೆ ಅದೇ ಭಾಗಕ್ಕೆ ಟಿಪ್ಪಣಿ ಬರೆದ ಪೋಲೆಂಡಿನ ರಬ್ಬಿ ಮೋಸೆಸ್ ಇಸ್ಸರ್ಲಿಸ್, ಮನೆಯ ಹತ್ತಿರ ಸೌದೆ ಒಡೆಯುವವನ ಸದ್ದೋ ನಾಲಗೆಯ ಮೇಲಿನ ಉಪ್ಪೋ ಪ್ರಾಣ ಹೋಗುವುದನ್ನು ತಡೆಯುತ್ತಿದ್ದರೆ ಅದನ್ನು ನಿವಾರಿಸಬಹುದು ಎನ್ನುತ್ತಾರೆ. ಅದು ಕ್ರಿಯೆಯಲ್ಲ, ಅಡ್ಡಿಯನ್ನು ತೆಗೆಯುವುದಷ್ಟೇ ಎಂಬುದು ಅವರ ಸಮರ್ಥನೆ. ಹಾಗಾದರೆ ನಮ್ಮ ಶಿಕ್ಷಕರ ವೆಂಟಿಲೇಟರ್ ದಿಂಬೋ, ಉಪ್ಪೋ? ಅನೇಕ ಸಂಪ್ರದಾಯನಿಷ್ಠ ರಬ್ಬಿಗಳ ದೃಷ್ಟಿಯಲ್ಲಿ, ನಡೆಯುತ್ತಿರುವ ವೆಂಟಿಲೇಟರನ್ನು ಕೈಯಾರೆ ನಿಲ್ಲಿಸುವುದು ದಿಂಬು ಎಳೆದಂತೆಯೇ. ಆದರೆ ಹೊಸದಾಗಿ ಹಾಕದಿರುವುದಕ್ಕೆ ಅವಕಾಶವಿದೆ.

ಇಸ್ರೇಲ್ 2005ರಲ್ಲಿ ಮಾಡಿದ ಮರಣಾಸನ್ನ ರೋಗಿ ಕಾಯ್ದೆಗೆ ಈ ಚರ್ಚೆಯೇ ತಳಹದಿ. ಆ ಕಾನೂನು ಚಿಕಿತ್ಸೆಯನ್ನು ಎರಡಾಗಿ ವಿಂಗಡಿಸುತ್ತದೆ. ಡಯಾಲಿಸಿಸ್‌ನಂತೆ ಸರದಿಯಲ್ಲಿ ನಡೆಯುವ ಚಿಕಿತ್ಸೆಯನ್ನು ಒಂದು ಸರದಿ ಮುಗಿದ ಮೇಲೆ ಮುಂದುವರಿಸದಿರಬಹುದು. ವೆಂಟಿಲೇಟರ್ ಮಾತ್ರ ಎಡೆಬಿಡದೆ ನಡೆಯುವ ಚಿಕಿತ್ಸೆಯಾದ್ದರಿಂದ ಅದನ್ನು ನಡುವೆ ನಿಲ್ಲಿಸುವಂತಿಲ್ಲ. ಇದಕ್ಕೆ ಸೂಚಿಸಿದ ಪರಿಹಾರವೆಂದರೆ ಯಂತ್ರಕ್ಕೆ ಟೈಮರ್ ಅಳವಡಿಸುವುದು: ನಿಗದಿತ ಅವಧಿ ಮುಗಿದಾಗ ಚಿಕಿತ್ಸೆಯ ಒಂದು ಸರದಿ ಮುಗಿಯುತ್ತದೆ, ಮತ್ತೆ ಆರಂಭಿಸಬೇಕೇ ಎಂಬ ನಿರ್ಧಾರ ಹೊಸದಾಗುತ್ತದೆ. ಹೀಗೆ ತೆಗೆಯುವ ಪ್ರಶ್ನೆ ಆರಂಭಿಸದಿರುವ ಪ್ರಶ್ನೆಯಾಗಿ ಮಾರ್ಪಡುತ್ತದೆ. ಇದು ಬರೀ ತಾಂತ್ರಿಕ ನೆಪವೆಂದು ತಳ್ಳಿಹಾಕುವ ಮುನ್ನ, ಯಂತ್ರ ನಿಲ್ಲಿಸುವ ವೈದ್ಯನ ಕೈಗೂ ಮನಸ್ಸಿಗೂ ಈ ಭೇದ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಯೋಚಿಸಬೇಕು. ಆರಂಭಿಸದಿರುವುದೂ ನಿಲ್ಲಿಸುವುದೂ ನೈತಿಕವಾಗಿ ಒಂದೇ ಎಂದು ನಮ್ಮ ಪಠ್ಯಗಳು ಸುಲಭವಾಗಿ ಹೇಳಿಬಿಡುತ್ತವೆ. ಈ ಸಂಪ್ರದಾಯ ಆ ಮಾತನ್ನು ಒಪ್ಪಿಲ್ಲ.

ಇಸ್ಲಾಮಿಕ್ ಸಹಕಾರ ಸಂಘಟನೆಯ ಧರ್ಮಶಾಸ್ತ್ರ ಮಂಡಳಿಯಾದ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ಕೈಗೊಂಡ ನಿರ್ಣಯದ ಪ್ರಕಾರ, ಮಿದುಳಿನ ಎಲ್ಲ ಕಾರ್ಯಗಳೂ ಮರಳಿ ಬಾರದಂತೆ ನಿಂತಿವೆ ಎಂದು ತಜ್ಞರು ದೃಢಪಡಿಸಿದರೆ, ಹೃದಯ ಯಂತ್ರದ ಬಲದಿಂದ ಬಡಿಯುತ್ತಿದ್ದರೂ ಯಂತ್ರ ತೆಗೆಯಬಹುದು. ಉತ್ತರ ಬರೆಯುವಾಗ ಇಲ್ಲಿ ಎಡವುವುದು ಸುಲಭ: ಈ ನಿರ್ಣಯ ನಮ್ಮ ಶಿಕ್ಷಕರಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಅವರ ಪ್ರತಿವರ್ತನೆಗಳು ಇನ್ನೂ ಇವೆ. ಅವರಂಥವರ ವಿಷಯದಲ್ಲಿ ಚಿಕಿತ್ಸೆ ನಿಷ್ಫಲವೆಂಬ ತಜ್ಞರ ಒಮ್ಮತವನ್ನು ಆಧರಿಸಿ ಅನುಮತಿಸುವವರೂ ಇದ್ದಾರೆ, ಹಿಂಜರಿಯುವವರೂ ಇದ್ದಾರೆ.

ಆಹಾರದ ನಳಿಕೆಯ ಪ್ರಶ್ನೆಯಲ್ಲಿ ಕ್ಯಾಥೊಲಿಕ್ ನಿಲುವು ಅನೇಕರಿಗೆ ಅನಿರೀಕ್ಷಿತವಾಗಿ ಕಾಣುತ್ತದೆ. ವೆಂಟಿಲೇಟರ್ ತೆಗೆಯಲು ಅವಕಾಶ ಕೊಡುವ ಅದೇ ಚರ್ಚ್ ಇಲ್ಲಿ ಬಿಗಿಯಾಗುತ್ತದೆ. 2004ರ ಮಾರ್ಚ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್, ನಳಿಕೆಯ ಮೂಲಕ ಕೊಟ್ಟರೂ ಆಹಾರ ಮತ್ತು ನೀರು ಜೀವ ಉಳಿಸುವ ಸಹಜ ವಿಧಾನವೇ ಹೊರತು ವೈದ್ಯಕೀಯ ಕ್ರಿಯೆಯಲ್ಲ, ತತ್ತ್ವತಃ ಅದು ಸಾಮಾನ್ಯ ವಿಧಾನವೇ ಎಂದರು. 2007ರಲ್ಲಿ ವ್ಯಾಟಿಕನ್ ಅದನ್ನು ದೃಢಪಡಿಸುತ್ತಾ ಇದಕ್ಕೆ ಮಿತಿಯೂ ಇದೆ ಎಂದಿತು: ದೇಹ ಆಹಾರವನ್ನು ಅರಗಿಸಿಕೊಳ್ಳಲಾರದ ಸ್ಥಿತಿ ತಲುಪಿದರೆ ಈ ಕರ್ತವ್ಯ ಉಳಿಯುವುದಿಲ್ಲ. ಆದ್ದರಿಂದ ನಮ್ಮ ಶಿಕ್ಷಕರ ಹೊಟ್ಟೆ ದ್ರವಾಹಾರವನ್ನು ಸ್ವೀಕರಿಸುತ್ತಿರುವವರೆಗೆ ನಳಿಕೆ ಇರಬೇಕು. ಕೊಟ್ಟದ್ದೆಲ್ಲ ಹೊಟ್ಟೆಯಲ್ಲೇ ನಿಂತು ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯತೊಡಗಿದರೆ ಲೆಕ್ಕ ಬದಲಾಗುತ್ತದೆ.

ಮಾರ್ಫಿನ್ ಬಗ್ಗೆ ಭಯ ಇರುವಷ್ಟು ಭಿನ್ನಾಭಿಪ್ರಾಯ ಇಲ್ಲ. ಉದ್ದೇಶ ನೋವು ಶಮನವಾಗಿದ್ದು, ಆಯುಷ್ಯ ಕುಗ್ಗುವುದು ಬಯಸದ ಪಾರ್ಶ್ವ ಪರಿಣಾಮವಾಗಿದ್ದರೆ ಕೊಡಬಹುದೆಂದು ಕ್ಯಾಥೊಲಿಕ್ ಚಿಂತನೆ ದ್ವಿಪರಿಣಾಮ ತತ್ತ್ವದ ಮೂಲಕ ಹೇಳುತ್ತದೆ. ಇತರರೂ ಬೇರೆ ಮಾತುಗಳಲ್ಲಿ ಅಲ್ಲಿಗೇ ಬರುತ್ತಾರೆ. ಉದ್ದೇಶವೆಂಬುದು ಮನಸ್ಸಿನೊಳಗಿನ ವಸ್ತುವಾದರೂ ರೋಗಿಯ ಕೇಸ್ ಶೀಟ್‌ನಲ್ಲಿ ಅದರ ಗುರುತು ಸಿಗುತ್ತದೆ. ಸಣ್ಣ ಪ್ರಮಾಣದಿಂದ ಆರಂಭಿಸಿ, ಉಸಿರಾಟದ ವೇಗ ಮತ್ತು ಮುಖದ ಮೇಲಿನ ಸಂಕಟವನ್ನು ಗಮನಿಸುತ್ತಾ, ಲಕ್ಷಣ ತಗ್ಗಿದಲ್ಲಿಗೆ ನಿಲ್ಲಿಸಿದ್ದರೆ ಅದು ಉಪಶಾಮಕ ಆರೈಕೆ. ಯಾವ ಲಕ್ಷಣವನ್ನೂ ದಾಖಲಿಸದೆ ಒಮ್ಮೆಲೇ ಭಾರಿ ಪ್ರಮಾಣ ಕೊಟ್ಟಿದ್ದರೆ ಉದ್ದೇಶ ಬೇರೆಯಿತ್ತೆಂದು ಶಂಕಿಸಬೇಕಾಗುತ್ತದೆ.

ಹಿಂದೂ ಸಂಪ್ರದಾಯದಲ್ಲಿ ಇಂಥ ಪ್ರಶ್ನೆಗಳಿಗೆ ಒಂದೇ ಪೀಠದಿಂದ ತೀರ್ಪು ಬರುವುದಿಲ್ಲ, ಹಾಗಾಗಿ ನಿದರ್ಶನಗಳಿಂದ ಅರಿಯಬೇಕು. 1982ರ ನವೆಂಬರ್‌ನಲ್ಲಿ ಹೃದಯಾಘಾತದ ನಂತರ ವಿನೋಬಾ ಭಾವೆಯವರು ಔಷಧಿ, ಆಹಾರ, ನೀರನ್ನು ನಿರಾಕರಿಸಿ ಪೌನಾರ್‌ನಲ್ಲಿ ದೇಹಬಿಟ್ಟದ್ದನ್ನು ಬಹುಜನರು ಆಮರಣ ಉಪವಾಸದ ವ್ರತವಾದ ಪ್ರಾಯೋಪವೇಶದ ಸಾಲಿನಲ್ಲಿಟ್ಟು ಗೌರವಿಸಿದರು. ಐದನೆಯ ಪ್ರಶ್ನೆಗೆ ಸಂಬಂಧಿಸಿದ ನಿದರ್ಶನ ಇನ್ನೂ ತೀಕ್ಷ್ಣವಾದುದು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ನೋವಿನಿಂದ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಪ್ರಾಣ ಬಿಡಿಸಿದರು. ಕೋಪದ ಪತ್ರಗಳು ಬಂದಾಗ ಅವರು ಅದನ್ನು ಅಹಿಂಸೆಯೆಂದೇ ಸಮರ್ಥಿಸಿಕೊಂಡರು, ಅಂಥದೇ ಪರಿಸ್ಥಿತಿಯಲ್ಲಿ ಈ ತತ್ತ್ವ ಮನುಷ್ಯರಿಗೂ, ತಮಗೂ ಅನ್ವಯಿಸಲೆಂದು ಹೇಳಲು ಹಿಂಜರಿಯಲಿಲ್ಲ. ಅಹಿಂಸೆಯಿಂದ ಹೊರಟು ದಯಾಮರಣದ ಪರವಾಗಿಯೂ ವಾದಿಸಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಜೈನರ ಸಲ್ಲೇಖನವನ್ನು ಬೇರೆಯಾಗಿಯೇ ಓದಬೇಕು. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳಿಂದ ಕನ್ನಡಿಗರಿಗೆ ಇದು ಪರಿಚಿತ. ಶಾಂತಲಾದೇವಿಯ ತಾಯಿ ಮಾಚಿಕಬ್ಬೆ ಈ ವ್ರತದಿಂದ ದೇಹ ತ್ಯಜಿಸಿದ ಸಂಗತಿ ಅಲ್ಲಿನ ಶಾಸನದಲ್ಲೇ ಇದೆ. ಸಮಂತಭದ್ರರ ರತ್ನಕರಂಡ ಶ್ರಾವಕಾಚಾರ ಇದಕ್ಕೆ ನಾಲ್ಕು ಸಂದರ್ಭಗಳನ್ನು ಹೇಳುತ್ತದೆ: ಉಪಸರ್ಗವೆಂಬ ವಿಪತ್ತು, ಬರಗಾಲ, ಮುಪ್ಪು, ರೋಗ. ಇವುಗಳಿಗೆ ಪರಿಹಾರ ಇಲ್ಲದಿರಬೇಕೆಂಬ ಷರತ್ತೂ ಇದೆ. ಕ್ರಮವೂ ನಿಶ್ಚಿತ: ಮೊದಲು ಗಟ್ಟಿ ಆಹಾರ ಬಿಟ್ಟು ಹಾಲಿನಂಥ ಸ್ನಿಗ್ಧ ಪಾನೀಯ, ಅದನ್ನೂ ಬಿಟ್ಟು ಮಜ್ಜಿಗೆ, ಬಿಸಿನೀರಿನಂಥ ಖರಪಾನ, ಕೊನೆಗೆ ಶಕ್ತಿಯಿದ್ದಷ್ಟು ಉಪವಾಸ. ನಮ್ಮ ಶಿಕ್ಷಕರು ಜೈನರಾಗಿದ್ದರೂ ಈಗ ಅವರಿಗೆ ಸಲ್ಲೇಖನ ಸಾಧ್ಯವಿಲ್ಲ ಎಂಬುದು ಇಲ್ಲಿ ಮುಖ್ಯ: ಅದು ಪ್ರಜ್ಞಾಪೂರ್ವಕವಾಗಿ ತಾವೇ ಕೈಗೊಳ್ಳಬೇಕಾದ ವ್ರತ, ಮಗನೋ ವೈದ್ಯರೋ ನಳಿಕೆ ತೆಗೆದರೆ ಅದು ವ್ರತವಾಗುವುದಿಲ್ಲ.

ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಕಾಮನ್ ಕಾಸ್ ಪ್ರಕರಣದಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಮಾನ್ಯಮಾಡಿ, 2023ರಲ್ಲಿ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ವಿಧಾನವನ್ನು ಸರಳಗೊಳಿಸಿತು. ಅದರಂತೆ ಆಸ್ಪತ್ರೆಯ ಪ್ರಾಥಮಿಕ ವೈದ್ಯಕೀಯ ಮಂಡಳಿ, ಆಮೇಲೆ ದ್ವಿತೀಯ ಮಂಡಳಿ ಒಪ್ಪಬೇಕು, ಸಮ್ಮತಿ ಇರಬೇಕು, ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಹೋಗಬೇಕು. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಶಿಕ್ಷಕರ ವೆಂಟಿಲೇಟರ್ ಪ್ರಶ್ನೆಗೆ ಈ ದಾರಿ ಸಾಕು. ಸಲ್ಲೇಖನಕ್ಕೆ ಸಾಲದು, ಏಕೆಂದರೆ ಅಲ್ಲಿ ತೆಗೆಯಬೇಕಾದ ಯಂತ್ರವೇ ಇಲ್ಲ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಅದನ್ನು ಆತ್ಮಹತ್ಯೆಗೆ ಸಮವೆಂದು ಪರಿಗಣಿಸಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಸಲ್ಲೇಖನವನ್ನು ಆತ್ಮಹತ್ಯೆಯಿಂದ ಬೇರ್ಪಡಿಸಲು ಜೈನ ಪರಂಪರೆಯೊಳಗೇ ಒಂದು ಅಳತೆಗೋಲಿದೆ. ತತ್ತ್ವಾರ್ಥಸೂತ್ರ ಈ ವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ದೋಷಗಳನ್ನು, ಎಣಿಸುತ್ತದೆ: ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಮಿತ್ರರ ಮೇಲಿನ ಮೋಹ, ಹಿಂದಿನ ಸುಖಗಳ ನೆನಪು, ಮುಂದಿನ ಫಲದ ಬಯಕೆ. ಎರಡನೆಯದನ್ನು ಗಮನಿಸಿ. ನೋವು ತಾಳಲಾರದೆ ಸಾವನ್ನು ಬಯಸಿ ಊಟ ಬಿಟ್ಟವರ ಉಪವಾಸ ಈ ಸೂತ್ರದ ಪ್ರಕಾರ ದೋಷಯುಕ್ತ. ಆದ್ದರಿಂದ ಸಲ್ಲೇಖನ ಕೇಳುವ ರೋಗಿಯ ಬಳಿ ಮೊದಲು ವಿಚಾರಿಸಬೇಕಾದದ್ದು ಅವರ ನೋವಿಗೆ, ಖಿನ್ನತೆಗೆ ಚಿಕಿತ್ಸೆ ಸಿಕ್ಕಿದೆಯೇ ಎಂಬುದನ್ನು. ಅದು ಸಿಕ್ಕ ಮೇಲೂ ಅವರ ಸಂಕಲ್ಪ ಹಾಗೆಯೇ ಉಳಿದರೆ ಮಾತ್ರ ಅದನ್ನು ವ್ರತವೆಂದು ಪರಿಗಣಿಸಲು ಶಾಸ್ತ್ರದ ಆಧಾರ ಸಿಗುತ್ತದೆ.