ಮೊದಲ ಡೆಸ್ಕ್‌ಟಾಪ್ ಜೋಡಣೆ: ಹೊರಗೆ ಓಡಿಸಿ ನೋಡಿ, ಆಮೇಲೆ ಕ್ಯಾಬಿನೆಟ್‌ಗೆ ಇಳಿಸಿ

ಬಿಡಿಭಾಗಗಳನ್ನು ಕೊಂಡು ತಂದು ಮೊದಲ ಸಲ ಕಂಪ್ಯೂಟರ್ ಜೋಡಿಸುವವರು ಸಾಮಾನ್ಯವಾಗಿ ಕ್ಯಾಬಿನೆಟ್‌ನಿಂದಲೇ ಕೆಲಸ ಶುರು ಮಾಡುತ್ತಾರೆ. ಮದರ್‌ಬೋರ್ಡನ್ನು ಒಳಗೆ ಕೂರಿಸಿ, ಎಲ್ಲ ವೈರ್‌ಗಳನ್ನೂ ಸಿಕ್ಕಿಸಿ, ಕೊನೆಗೊಮ್ಮೆ ಬಟನ್ ಒತ್ತುತ್ತಾರೆ. ಪರದೆ ಕಪ್ಪಗೇ ಉಳಿದರೆ ತಪ್ಪು ಎಲ್ಲಿದೆ ಎಂದು ಹುಡುಕಲು ಹತ್ತಾರು ಜಾಗಗಳಿರುತ್ತವೆ, ಅದರಲ್ಲಿ ಅರ್ಧದಷ್ಟಕ್ಕೆ ಕೈಯೇ ಹೋಗುವುದಿಲ್ಲ. ಅದರ ಬದಲು ಪ್ರೊಸೆಸರ್, ಕೂಲರ್, ರ್‍ಯಾಮ್ ಇಷ್ಟನ್ನು ಮೇಜಿನ ಮೇಲೆಯೇ ಬೋರ್ಡ್‌ಗೆ ಜೋಡಿಸಿ, ಅಲ್ಲೇ ಓಡಿಸಿ ನೋಡಿ, ಆಮೇಲೆ ಒಳಗೆ ಇಳಿಸುವುದು ಸರಿಯಾದ ಕ್ರಮ. ಇದಕ್ಕೆ ಹೆಚ್ಚೆಂದರೆ ಅರ್ಧ ಗಂಟೆ ಜಾಸ್ತಿ ಹಿಡಿಯಬಹುದು.

ಉದಾಹರಣೆಗೆ ಒಂದು ಮಧ್ಯಮ ದರ್ಜೆಯ ಜೋಡಣೆಯನ್ನು ತೆಗೆದುಕೊಳ್ಳೋಣ: ಎಎಂಡಿ ರೈಜೆನ್ 5 7600 ಪ್ರೊಸೆಸರ್, ಅದರ ಡಬ್ಬಿಯಲ್ಲೇ ಬರುವ ಕೂಲರ್, ಬಿ650 ಚಿಪ್‌ಸೆಟ್‌ನ ಮೈಕ್ರೋ ಎಟಿಎಕ್ಸ್ ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ್‍ಯಾಮ್ ಪಟ್ಟಿಗಳು, 1 ಟಿಬಿಯ ಎಂ.2 ಎಸ್‌ಎಸ್‌ಡಿ, 650 ವ್ಯಾಟ್‌ನ ಎಸ್‌ಎಂಪಿಎಸ್, ಒಂದು ಗ್ರಾಫಿಕ್ಸ್ ಕಾರ್ಡ್. ಈ ಪ್ರೊಸೆಸರ್‌ನಲ್ಲಿ ಪುಟ್ಟದೊಂದು ಗ್ರಾಫಿಕ್ಸ್ ಭಾಗವೂ ಇರುವುದರಿಂದ, ಕಾರ್ಡ್ ಇಲ್ಲದೆಯೂ ಪರದೆಯಲ್ಲಿ ಚಿತ್ರ ಬರುತ್ತದೆ. ಹೊರಗೆ ಪರೀಕ್ಷಿಸಲು ಇದು ಬಹಳ ಅನುಕೂಲ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಪ್ರೊಸೆಸರ್ ಕೊಂಡಿದ್ದರೆ ಮಾತ್ರ ಪರೀಕ್ಷೆಗೂ ಕಾರ್ಡ್ ಬೇಕಾಗುತ್ತದೆ.

ಬೋರ್ಡನ್ನು ಅದು ಬಂದ ರಟ್ಟಿನ ಡಬ್ಬಿಯ ಮೇಲೆ ಇಡಿ. ಅದನ್ನು ಸುತ್ತಿಕೊಟ್ಟ ಬೆಳ್ಳಿ ಬಣ್ಣದ ಚೀಲದ ಮೇಲೆ ಇಟ್ಟು ವಿದ್ಯುತ್ ಕೊಡಬಾರದು; ಆ ಚೀಲದ ಹೊರಮೈ ಸ್ವಲ್ಪ ಮಟ್ಟಿಗೆ ವಿದ್ಯುತ್ ವಾಹಕ. ಭಾಗಗಳನ್ನು ಮುಟ್ಟುವ ಮುನ್ನ ಮೈಮೇಲಿನ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಬೇಕು. ಎಸ್‌ಎಂಪಿಎಸ್‌ನ ಮೂರು ಪಿನ್‌ನ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿ, ಗೋಡೆಯ ಸ್ವಿಚ್ಚು, ಎಸ್‌ಎಂಪಿಎಸ್‌ನ ಸ್ವಿಚ್ಚು ಎರಡನ್ನೂ ಆಫ್ ಮಾಡಿ, ಅದರ ಲೋಹದ ಮೈಯನ್ನು ಆಗಾಗ ಮುಟ್ಟುತ್ತಿದ್ದರೆ ಸಾಕು. ಸ್ವಿಚ್ ಆಫ್ ಆಗಿದ್ದರೂ ಅರ್ತಿಂಗ್ ತಂತಿ ಜೋಡಣೆಯಲ್ಲೇ ಇರುತ್ತದೆ. ಮನೆಯ ಆ ಸಾಕೆಟ್‌ಗೆ ನಿಜವಾಗಿಯೂ ಅರ್ತಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಮೊದಲೇ ನೋಡಿಸಿಕೊಳ್ಳುವುದು ಒಳ್ಳೆಯದು. ಅದಿಲ್ಲದ ಮನೆಗಳಲ್ಲಿ ಕಂಪ್ಯೂಟರ್ ಓಡುವಾಗ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ.

ಮೊದಲ ಭಾಗ ಪ್ರೊಸೆಸರ್. ಈ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್‌ನಲ್ಲಿ ಪಿನ್‌ಗಳು ಇರುವುದು ಪ್ರೊಸೆಸರ್‌ನಲ್ಲಲ್ಲ, ಬೋರ್ಡ್‌ನಲ್ಲಿ. ಒಟ್ಟು 1718 ಕೂದಲೆಳೆಯಂಥ ಸ್ಪ್ರಿಂಗ್‌ಗಳು. ಒಂದೇ ಒಂದು ಬಾಗಿದರೂ ಒಂದು ರ್‍ಯಾಮ್ ಚಾನೆಲ್ ಸತ್ತುಹೋಗಬಹುದು, ಬಾಗಿದ ಪಿನ್‌ಗೆ ವಾರಂಟಿ ಸಿಗುವುದು ಕಷ್ಟ. ಹಾಗಾಗಿ ಪ್ರೊಸೆಸರನ್ನು ಅಂಚುಗಳಲ್ಲಿ ಹಿಡಿದು, ಅದರ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ, ನೇರವಾಗಿ ಮೇಲಿನಿಂದ ಇಳಿಸಬೇಕು. ಕೂತ ಮೇಲೆ ಒತ್ತುವುದು, ಜಾರಿಸಿ ಸರಿಮಾಡುವುದು ಎರಡೂ ಬೇಡ. ಆಮೇಲೆ ಲೋಹದ ಚೌಕಟ್ಟನ್ನು ಮುಚ್ಚಿ ಸನ್ನೆಯನ್ನು ಇಳಿಸುವಾಗ ಹೊಸಬರಿಗೆ ಹೆದರಿಕೆಯಾಗುವಷ್ಟು ಬಲ ಬೇಕಾಗುತ್ತದೆ. ಅದು ಸಹಜ, ಏಕೆಂದರೆ ಆ ಒತ್ತಡವೇ ಅಷ್ಟೂ ಸ್ಪ್ರಿಂಗ್‌ಗಳನ್ನು ಸಮನಾಗಿ ಅದುಮಿ ಹಿಡಿಯುವುದು. ಸನ್ನೆ ಇಳಿಯುವಾಗ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಹಾರಿ ಬೀಳುತ್ತದೆ. ಅದನ್ನು ಎಸೆಯದೆ ಎತ್ತಿಡಿ. ಬೋರ್ಡನ್ನು ವಾರಂಟಿಗೆ ಕಳಿಸುವಾಗ ಅದು ಬೇಕಾಗುತ್ತದೆ.

ಕೂಲರ್‌ನದು ಬೇರೆ ರೀತಿಯ ಗೊಂದಲ. ಈ ಪ್ರೊಸೆಸರ್ ಜತೆ ಬರುವ ಕೂಲರ್ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳಿಂದ ಕೂರುತ್ತದೆ. ಅದಕ್ಕೆ ಮೊದಲು ಸಾಕೆಟ್‌ನ ಎರಡು ಬದಿಯಲ್ಲಿರುವ ಪ್ಲಾಸ್ಟಿಕ್ ಕೊಕ್ಕೆಗಳನ್ನು ಬಿಚ್ಚಬೇಕು, ಇಲ್ಲದಿದ್ದರೆ ಕೂಲರ್ ಕೂರುವುದೇ ಇಲ್ಲ. ಅದರ ತಳದಲ್ಲಿ ಥರ್ಮಲ್ ಪೇಸ್ಟ್ ಮೊದಲೇ ಹಚ್ಚಿರುತ್ತದೆ. ಮೇಲೆ ಇನ್ನಷ್ಟು ಹಚ್ಚುವ ಅಗತ್ಯವಿಲ್ಲ, ಬೆರಳಲ್ಲಿ ಮುಟ್ಟಲೂ ಬಾರದು. ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿಸಿದರೆ ಕೂಲರ್ ಒಂದು ಕಡೆಗೆ ವಾಲಿ ಪೇಸ್ಟ್ ಅಸಮವಾಗಿ ಹರಡುತ್ತದೆ. ಎದುರುಬದುರು ಮೂಲೆಗಳನ್ನು ಎರಡೆರಡು ಸುತ್ತಿನಂತೆ ಸರದಿಯಲ್ಲಿ ಬಿಗಿಸುತ್ತ ಹೋಗಿ, ಸ್ಕ್ರೂ ತಾನಾಗಿ ನಿಂತ ಕಡೆ ನಿಲ್ಲಿಸಿ. ಒಮ್ಮೆ ಕೂರಿಸಿ ಮತ್ತೆ ಎತ್ತಿದರೆ ಹಳೆಯ ಪೇಸ್ಟ್ ಕೆಲಸಕ್ಕೆ ಬಾರದು. ಐಸೊಪ್ರೊಪಿಲ್ ಆಲ್ಕೋಹಾಲ್‌ನಿಂದ ಎರಡೂ ಮೈಗಳನ್ನು ಒರೆಸಿ, ಬಟಾಣಿ ಗಾತ್ರದಷ್ಟು ಹೊಸ ಪೇಸ್ಟ್ ಹಾಕಿ ಮತ್ತೆ ಕೂರಿಸಬೇಕು. ಬೇರೆ ಕಂಪನಿಯ ಕೂಲರ್ ಕೊಂಡವರು ಅದರ ತಳಕ್ಕೆ ಅಂಟಿಸಿರುವ ಪಾರದರ್ಶಕ ಹಾಳೆಯನ್ನು ಕೀಳಲು ಮರೆಯುತ್ತಾರೆ. ಹಾಳೆ ಉಳಿದರೂ ಕಂಪ್ಯೂಟರ್ ಶುರುವಾಗುತ್ತದೆ, ಆದರೆ ಬೋರ್ಡ್‌ನದೇ ಸೆಟ್ಟಿಂಗ್ ಪರದೆಯಾದ ಬಯೋಸ್‌ನಲ್ಲಿ ಸುಮ್ಮನೆ ಬಿಟ್ಟರೂ ಪ್ರೊಸೆಸರ್ ಶಾಖ ಏರುತ್ತಲೇ ಹೋಗುತ್ತದೆ. ಫ್ಯಾನ್‌ನ ವೈರನ್ನು `CPU_FAN` ಎಂದು ಬರೆದಿರುವ ಜಾಗಕ್ಕೇ ಹಾಕಿ. ಬೇರೆ ಫ್ಯಾನ್ ಜಾಗಕ್ಕೆ ಹಾಕಿದರೆ ಎಷ್ಟೋ ಬೋರ್ಡ್‌ಗಳು ಫ್ಯಾನ್ ಇಲ್ಲವೆಂದು ಎಚ್ಚರಿಸಿ ಮುಂದೆ ಹೋಗುವುದಿಲ್ಲ.

ರ್‍ಯಾಮ್‌ಗೆ ನಾಲ್ಕು ಸ್ಲಾಟ್ ಇದ್ದು ಪಟ್ಟಿ ಎರಡೇ ಇದ್ದರೆ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು, ಅಂದರೆ `A2` ಮತ್ತು `B2`. ಇದಕ್ಕೆ ಕಾರಣ ಭೌತವಿಜ್ಞಾನದಲ್ಲಿದೆ. ಪ್ರತಿ ಚಾನೆಲ್‌ನ ತಂತಿ ಮೊದಲು ಹತ್ತಿರದ ಸ್ಲಾಟ್ ಮುಟ್ಟಿ, ಅಲ್ಲಿಂದ ದೂರದ ಸ್ಲಾಟ್‌ಗೆ ಹೋಗುತ್ತದೆ. ಪಟ್ಟಿಯನ್ನು ಹತ್ತಿರದ ಸ್ಲಾಟ್‌ನಲ್ಲಿ ಹಾಕಿ ದೂರದ್ದನ್ನು ಖಾಲಿ ಬಿಟ್ಟರೆ, ತಂತಿಯ ಆ ಖಾಲಿ ತುದಿಯಿಂದ ಸಂಕೇತ ಪ್ರತಿಫಲಿಸಿ ವಾಪಸು ಬಂದು ಮೂಲ ಸಂಕೇತವನ್ನು ಕೆಡಿಸುತ್ತದೆ. ಡಿಡಿಆರ್5ರ ವೇಗದಲ್ಲಿ ಕೆಲವೊಮ್ಮೆ ಇಷ್ಟು ಕೆಡುಕೇ ಕಂಪ್ಯೂಟರ್ ಶುರುವಾಗದಿರಲು ಸಾಕು. ಪಟ್ಟಿಯ ಎರಡೂ ತುದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಕೆಲವು ಬೋರ್ಡ್‌ಗಳಲ್ಲಿ ಕೊಂಡಿ ಒಂದೇ ಬದಿಗಿರುವುದರಿಂದ ಆ ಬದಿ ಟಕ್ಕೆಂದರೂ ಇನ್ನೊಂದು ಬದಿ ಅರ್ಧ ಮೇಲೆಯೇ ಉಳಿದಿರುತ್ತದೆ. ಎಸ್‌ಎಸ್‌ಡಿಯನ್ನೂ ಈಗಲೇ ಹಾಕಿಬಿಡಬಹುದು, ಏಕೆಂದರೆ ಆಮೇಲೆ ಅದರ ಮೇಲೆ ಗ್ರಾಫಿಕ್ಸ್ ಕಾರ್ಡ್ ಬಂದು ಕೂರುತ್ತದೆ.

ಈಗ ಎಸ್‌ಎಂಪಿಎಸ್‌ನಿಂದ ಎರಡು ಕೇಬಲ್: 24 ಪಿನ್‌ನ ದೊಡ್ಡದು, ಪ್ರೊಸೆಸರ್ ಪಕ್ಕದ ಮೂಲೆಗೆ 8 ಪಿನ್‌ನದು. ಎರಡನೆಯದನ್ನು ಮರೆಯುವುದು ಬಹಳ ಸಾಮಾನ್ಯ. ಮರೆತರೆ ಫ್ಯಾನ್ ತಿರುಗುತ್ತದೆ, ಚಿತ್ರ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್‌ನ ಕೇಬಲ್ಲೂ 8 ಪಿನ್ನಿನದೇ ಆಗಿರುವುದರಿಂದ ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಲು ನೋಡುತ್ತಾರೆ. ಪ್ರೊಸೆಸರ್‌ನದು ಸಾಮಾನ್ಯವಾಗಿ 4+4 ಆಗಿ ಬಿಡಿಸಿಕೊಳ್ಳುತ್ತದೆ, ಕಾರ್ಡ್‌ನದು 6+2. ಒಂದರಲ್ಲಿ 12 ವೋಲ್ಟ್ ಬರುವ ಸಾಲಿನಲ್ಲಿ ಇನ್ನೊಂದಕ್ಕೆ ಗ್ರೌಂಡ್ ಇರುತ್ತದೆ. ಹಾಗಾಗಿಯೇ ಪಿನ್‌ಗಳ ಆಕಾರ ಬೇರೆ ಮಾಡಿದ್ದಾರೆ. ಸಲೀಸಾಗಿ ಒಳಗೆ ಹೋಗದಿದ್ದರೆ ಬಲ ಹಾಕಬೇಡಿ. ಬಿಡಿಸುವ ಕೇಬಲ್‌ಗಳಿರುವ ಎಸ್‌ಎಂಪಿಎಸ್ ಆಗಿದ್ದರೆ ಅದರ ಜತೆ ಬಂದ ಕೇಬಲ್‌ಗಳನ್ನೇ ಬಳಸಬೇಕು. ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಕೂಡಿಸಿದ ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು.

ಮಾನಿಟರ್‌ನ ಕೇಬಲ್ಲನ್ನು ಬೋರ್ಡ್‌ನ ಎಚ್‌ಡಿಎಂಐಗೆ ಹಾಕಿ, ಸ್ವಿಚ್‌ಗಳನ್ನು ಆನ್ ಮಾಡಿ. ಪವರ್ ಬಟನ್‌ಗೆ ಮೀಸಲಾದ ಎರಡು ಪಿನ್ ಯಾವುವೆಂದು ಬೋರ್ಡ್‌ನ ಕೈಪಿಡಿಯಲ್ಲಿ ನೋಡಿಕೊಂಡು, ಸ್ಕ್ರೂಡ್ರೈವರ್ ತುದಿಯಿಂದ ಅವೆರಡನ್ನೂ ಒಂದು ಕ್ಷಣ ಮುಟ್ಟಿಸಿದರೆ ಯಂತ್ರ ಎದ್ದೇಳುತ್ತದೆ.

ಇಲ್ಲೇ ಹೆಚ್ಚಿನವರು ಎಡವುವುದು. ಫ್ಯಾನ್ ತಿರುಗುತ್ತದೆ, ಬೋರ್ಡ್‌ನ ಮೂಲೆಯಲ್ಲಿ `DRAM` ಎಂಬ ಪುಟ್ಟ ದೀಪ ಹತ್ತಿಕೊಂಡು ಹಾಗೇ ನಿಲ್ಲುತ್ತದೆ, ಪರದೆ ಕಪ್ಪು. ಒಂದು ನಿಮಿಷ ಕಾದು ರ್‍ಯಾಮ್ ಕೆಟ್ಟಿದೆ ಎಂದುಕೊಂಡು ಆಫ್ ಮಾಡಿಬಿಡುತ್ತಾರೆ. ವಾಸ್ತವದಲ್ಲಿ ಬೋರ್ಡ್ ಆಗ ಪ್ರತಿ ತಂತಿಯ ಸಂಕೇತ ಯಾವ ಕ್ಷಣಕ್ಕೆ ಬಂದು ತಲುಪುತ್ತದೆ ಎಂದು ಅಳೆದು ಹೊಂದಿಸಿಕೊಳ್ಳುತ್ತಿರುತ್ತದೆ. ಮೊದಲ ಸಲ ಇದಕ್ಕೆ ಹಲವು ನಿಮಿಷ ಹಿಡಿಯಬಹುದು, ನಡುವೆ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗಲೂಬಹುದು. ಮಧ್ಯೆ ಆಫ್ ಮಾಡಿದರೆ ಮೊದಲಿನಿಂದ ಶುರು. ಕಾಲು ಗಂಟೆ ಕಾಯಿರಿ. ಆಮೇಲೂ ದೀಪ ಆರದಿದ್ದರೆ ವಿದ್ಯುತ್ ತೆಗೆದು, ಒಂದೇ ಪಟ್ಟಿಯನ್ನು `A2`ನಲ್ಲಿ ಉಳಿಸಿ ಮತ್ತೆ ನೋಡಿ. ಬರದಿದ್ದರೆ ಇನ್ನೊಂದು ಪಟ್ಟಿ. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ದೋಷ ಪಟ್ಟಿಯದು. ಎರಡೂ `A2`ನಲ್ಲಿ ಓಡಿ `B2`ನಲ್ಲಿ ಯಾವುದೂ ಓಡದಿದ್ದರೆ ಸಾಕೆಟ್‌ನ ಪಿನ್‌ಗಳ ಮೇಲೆ ಅನುಮಾನ ಪಡಬೇಕು. `CPU` ದೀಪ ನಿಂತಿದ್ದರೆ ಮೊದಲು ಆ 8 ಪಿನ್‌ನ ಕೇಬಲ್ ನೋಡಿ. ಬಯೋಸ್ ಪರದೆ ಬಂದು, ಎರಡೂ ಪಟ್ಟಿ ಸೇರಿ 32 ಜಿಬಿ ತೋರಿಸಿ, ಐದು ನಿಮಿಷ ಬಿಟ್ಟರೂ ಪ್ರೊಸೆಸರ್ ಶಾಖ 40–60 ಡಿಗ್ರಿಯ ಸುತ್ತ ನಿಂತರೆ ಈವರೆಗಿನ ಕೆಲಸ ಸರಿಯಾಗಿದೆ.

ವಿದ್ಯುತ್ ತೆಗೆದು ಈಗ ಕ್ಯಾಬಿನೆಟ್. ಬೋರ್ಡ್‌ನ ಯುಎಸ್‌ಬಿ, ಎಚ್‌ಡಿಎಂಐ ಕಿಂಡಿಗಳ ಸುತ್ತ ಕೂರುವ ತಗಡಿನ ಪಟ್ಟಿ ಬೇರೆಯಾಗಿ ಬಂದಿದ್ದರೆ ಅದನ್ನು ಮೊದಲು ಕೂರಿಸಬೇಕು; ಬೋರ್ಡ್ ಬಿಗಿಸಿದ ಮೇಲೆ ಅದಕ್ಕೆ ದಾರಿಯಿಲ್ಲ. ಇನ್ನು ಬೋರ್ಡನ್ನು ತಗಡಿನಿಂದ ಎತ್ತಿಹಿಡಿಯುವ ಹಿತ್ತಾಳೆಯ ಗಿಡ್ಡ ಕಂಬಗಳು. ಕ್ಯಾಬಿನೆಟ್‌ಗಳಲ್ಲಿ ಇವನ್ನು ದೊಡ್ಡ ಎಟಿಎಕ್ಸ್ ಬೋರ್ಡ್‌ಗೆಂದು ಮೊದಲೇ ಹಾಕಿರುವುದುಂಟು. ನಮ್ಮದು ಮೈಕ್ರೋ ಎಟಿಎಕ್ಸ್ ಆದ್ದರಿಂದ ಬೋರ್ಡ್‌ನಲ್ಲಿ ತೂತಿಲ್ಲದ ಕಡೆ ಒಂದು ಕಂಬ ಉಳಿದರೆ ಅದು ಹಿಂಬದಿಯ ಬೆಸುಗೆಗೆ ತಾಗಿ ಶಾರ್ಟ್ ಆಗಬಹುದು. ಬೋರ್ಡ್‌ನ ತೂತುಗಳನ್ನು ಎಣಿಸಿ, ಕಂಬಗಳೂ ಅಷ್ಟೇ ಇವೆಯೇ, ಅದೇ ಜಾಗದಲ್ಲಿವೆಯೇ ಎಂದು ನೋಡಿಯೇ ಇಳಿಸಿ. 8 ಪಿನ್‌ನ ಕೇಬಲ್ಲನ್ನು ಮೇಲಿನ ಮೂಲೆಯ ತೂತಿನಿಂದ ಮೊದಲೇ ಎಳೆದಿಟ್ಟುಕೊಂಡರೆ ಬೆರಳಿಗೆ ಹಿಂಸೆ ತಪ್ಪುತ್ತದೆ.

ಮುಂಭಾಗದ ಬಟನ್, ದೀಪ, ಯುಎಸ್‌ಬಿ ವೈರ್‌ಗಳನ್ನು ಕಾರ್ಡ್ ಹಾಕುವ ಮೊದಲೇ ಸಿಕ್ಕಿಸಬೇಕು. ಬಟನ್ ವೈರ್ ತಿರುಗುಮುರುಗಾದರೂ ನಡೆಯುತ್ತದೆ, ದೀಪದ ವೈರ್ ತಿರುಗಿದರೆ ದೀಪ ಹತ್ತುವುದಿಲ್ಲ, ಅಷ್ಟೆ. ಕೊನೆಯದಾಗಿ ಗ್ರಾಫಿಕ್ಸ್ ಕಾರ್ಡ್: ಸ್ಲಾಟ್‌ನ ಕೊಂಡಿ ಟಕ್ಕೆನ್ನುವಂತೆ ಒತ್ತಿ, ಸ್ಕ್ರೂ ಬಿಗಿಸಿ, ಅದರ ಪವರ್ ಕೇಬಲ್ ಹಾಕಿ, ಮಾನಿಟರ್‌ನ ಕೇಬಲ್ಲನ್ನು ಬೋರ್ಡ್‌ನಿಂದ ಕಿತ್ತು ಕಾರ್ಡ್‌ಗೆ ಹಾಕಿ. ಬೋರ್ಡ್‌ನಲ್ಲೇ ಬಿಟ್ಟವರು ವಾರಗಟ್ಟಲೆ ಆಟಗಳು ತಡವರಿಸುವುದೇಕೆಂದು ಹುಡುಕುತ್ತಾರೆ. ಕಾರ್ಡ್ ಇದ್ದೂ ಚಿತ್ರ ಬರುತ್ತಿರುವುದು ಪ್ರೊಸೆಸರ್‌ನ ಪುಟ್ಟ ಗ್ರಾಫಿಕ್ಸ್ ಭಾಗದಿಂದ.

ಹೊರಗೆ ಓಡಿದ ಯಂತ್ರ ಒಳಗೆ ಓಡದಿದ್ದರೆ ಪ್ರೊಸೆಸರ್, ರ್‍ಯಾಮ್, ಎಸ್‌ಎಂಪಿಎಸ್ ಕೆಟ್ಟಿರುವ ಸಾಧ್ಯತೆ ತೀರ ಕಡಿಮೆ. ನೋಡಬೇಕಾದ್ದು ಹೊಸದಾಗಿ ಸೇರಿದ್ದನ್ನು ಮಾತ್ರ: ಹಿತ್ತಾಳೆ ಕಂಬಗಳು, ಮುಂಭಾಗದ ವೈರ್‌ಗಳು, ಮತ್ತೆ ಸಿಕ್ಕಿಸಿದ ಎರಡು ಕೇಬಲ್, ಗ್ರಾಫಿಕ್ಸ್ ಕಾರ್ಡ್. ಕಾರ್ಡ್ ತೆಗೆದು ಮಾನಿಟರನ್ನು ಬೋರ್ಡ್‌ಗೆ ಹಾಕಿದಾಗ ಚಿತ್ರ ಬಂದರೆ ತೊಂದರೆ ಕಾರ್ಡ್ ಅಥವಾ ಅದರ ಕೇಬಲ್‌ನದು. ಆಗಲೂ ಬರದಿದ್ದರೆ ಬೋರ್ಡ್ ಬಿಚ್ಚಿ ಕಂಬಗಳನ್ನು ಮತ್ತೊಮ್ಮೆ ಎಣಿಸಿ.

ಎಲ್ಲ ಸರಿಯಾದ ಮೇಲೆ ಬಯೋಸ್‌ನಲ್ಲಿ ರ್‍ಯಾಮನ್ನು ಅದರ ಮೇಲೆ ಬರೆದ ವೇಗದಲ್ಲಿ ಓಡಿಸುವ `EXPO` ಆಯ್ಕೆಯನ್ನು ಆನ್ ಮಾಡಿ. 6000 ಎಂದು ಬರೆದು ಮಾರಿದ ರ್‍ಯಾಮ್ ಕೂಡ ಅದಿಲ್ಲದೆ ಸಾಮಾನ್ಯವಾಗಿ 4800ರಲ್ಲೇ ಓಡುತ್ತಿರುತ್ತದೆ. ಉಳಿಸಿ ಹೊರಬಂದಾಗ ಪರದೆ ಮತ್ತೆ ಕೆಲವು ನಿಮಿಷ ಕಪ್ಪಾಗುತ್ತದೆ, `DRAM` ದೀಪ ಹತ್ತುತ್ತದೆ. ಹೊಸ ವೇಗಕ್ಕೆ ಬೋರ್ಡ್ ಮತ್ತೊಮ್ಮೆ ಅಳತೆ ಮಾಡುತ್ತಿದೆ. ಸ್ವಿಚ್ ಮುಟ್ಟದೆ ಕಾಯಿರಿ.